ಒಂದೇ ಷೇರಿಗೆ ಎರಡು ಬೆಲೆ: ಭಾವ ಕೊಂಡ ಇನ್ನೂರು ಷೇರಿನ ಲೆಕ್ಕ

ಡಿಮ್ಯಾಟ್ ಖಾತೆ ತೆರೆದು ಒಂದು ವಾರವೂ ಆಗಿರಲಿಲ್ಲ, ಸಾಲ್ಕಣಿ ಕಡೆಯ ನಮ್ಮ ಭಾವ ಬೆಳಿಗ್ಗೆ ಹತ್ತು ಗಂಟೆಗೆ ಫೋನ್ ಮಾಡಿದ. ಯಾವುದೋ ಸಣ್ಣ ಕಂಪನಿಯ 200 ಷೇರು ಕೊಂಡಿದ್ದ. ಆ್ಯಪಿನಲ್ಲಿ ಬೆಲೆ 142 ರೂಪಾಯಿ ಎಂದಿತ್ತು. 'ಮಾರ್ಕೆಟ್' ಎಂದಿದ್ದ ಕಡೆ ಬೆರಳೊತ್ತಿದ. ಮರುಕ್ಷಣವೇ 483 ರೂಪಾಯಿ ಲಾಭ ಎಂದು ಹಸಿರು ಅಕ್ಷರದಲ್ಲಿ ಬಂತು. ಒಳಗೆ ಹೋಗಿ ಕಷಾಯ ಕುಡಿದು ಬರುವಷ್ಟರಲ್ಲಿ ಅದೇ ಜಾಗದಲ್ಲಿ 677 ರೂಪಾಯಿ ನಷ್ಟ ಎಂದು ಕೆಂಪಾಗಿತ್ತು.

"ಭಾವಾ, 142 ಹೇಳಿ ತೋರಿಸ್ತಾ ಇತ್ತು. ನಂಗೆ ಬಿದ್ದಿದ್ದು 144ರ ಮೇಲೆ. ಇದೆಂತ ಮೋಸನಾ?"

ಮೋಸ ಆಗಿರಲಿಲ್ಲ. ಆ ಹತ್ತು ನಿಮಿಷದಲ್ಲಿ ಕಂಪನಿಗೆ ಒಳ್ಳೆಯದೂ ಆಗಿರಲಿಲ್ಲ, ಕೆಟ್ಟದ್ದೂ ಆಗಿರಲಿಲ್ಲ. ಲಾಭ, ನಷ್ಟ ಎರಡನ್ನೂ ತಂದಿಟ್ಟದ್ದು ಭಾವನ ಆರ್ಡರೇ. ಪುಣ್ಯಕ್ಕೆ ಬೆರಳೊತ್ತುವ ಮೊದಲು ಆತ ಪರದೆಯ ಚಿತ್ರ ತೆಗೆದಿಟ್ಟುಕೊಂಡಿದ್ದ, ಮಗನಿಗೆ ಕಳಿಸಲಿಕ್ಕಂತೆ. ಲೆಕ್ಕಕ್ಕೆ ಸುಲಭವಾಗಲಿ ಎಂದು ಅದರ ಅಂಕಿಗಳನ್ನು ಅಲ್ಲಲ್ಲಿ ಸ್ವಲ್ಪ ಒಪ್ಪ ಮಾಡಿ ಇಲ್ಲಿ ಇಡುತ್ತೇನೆ.

ಮೊದಲು ಆ 142 ಎಂದರೆ ಏನು ಎಂಬುದು ತಿಳಿಯಬೇಕು. ಶಿರಸಿಯವರಿಗೆ ಇದು ಕಷ್ಟವಲ್ಲ. ಬೆಳಿಗ್ಗೆ ಪೇಪರಿನಲ್ಲಿ ಅಡಿಕೆ ಧಾರಣೆ ಬರುತ್ತದೆ: ಚಾಲಿಗೆ ಇಷ್ಟು, ರಾಶಿಗೆ ಇಷ್ಟು, ಕೆಂಪುಗೋಟಿಗೆ ಇಷ್ಟು. ಅದು ನಿನ್ನೆ ಟೆಂಡರಿನಲ್ಲಿ ಯಾರದೋ ಅಡಿಕೆಗೆ ಸಿಕ್ಕ ದರ. ಇವತ್ತು ನಮ್ಮ ಮೂಟೆ ಇಳಿಸಿದರೆ ಅದೇ ದರ ಸಿಗುತ್ತದೆ ಎಂದು ಯಾರೂ ತಿಳಿಯುವುದಿಲ್ಲ. ವ್ಯಾಪಾರಿಗಳು ಇವತ್ತು ಎಷ್ಟು ಬರೆಯುತ್ತಾರೋ ಅದು ನಮ್ಮ ದರ. ಆ್ಯಪಿನಲ್ಲಿ ದಪ್ಪಕ್ಷರದಲ್ಲಿ ಕಾಣುವ ಬೆಲೆಯೂ ಅಂಥದ್ದೇ. ಅದು ಕೊನೆಯದಾಗಿ ನಡೆದ ವ್ಯವಹಾರದ ಬೆಲೆ. ಷೇರು ಪೇಟೆಯವರು ಎಲ್‌ಟಿಪಿ ಎನ್ನುವುದು ಇದಕ್ಕೇ. ಯಾರೋ ಇಬ್ಬರ ನಡುವೆ ನಡೆದು ಮುಗಿದುಹೋದ ವ್ಯಾಪಾರ. ದೊಡ್ಡ ಕಂಪನಿಯ ಷೇರಿನಲ್ಲಿ ಅದು ಅರೆ ಸೆಕೆಂಡಿನ ಹಿಂದಿನದಾಗಿರಬಹುದು. ಸಣ್ಣ ಕಂಪನಿಯದ್ದಾದರೆ ಕಾಲು ಗಂಟೆಯ ಹಿಂದಿನದೂ ಆಗಿರಬಹುದು.

ಈಗ, ಈ ಕ್ಷಣಕ್ಕೆ, ಯಾವ ಬೆಲೆಗೆ ಸಿಗುತ್ತದೆ ಎನ್ನುವುದು ಬೇರೆ ಕಡೆ ಇರುತ್ತದೆ. ಷೇರಿನ ಹೆಸರು ಒತ್ತಿ ಕೆಳಗೆ ಜಾರಿಸಿದರೆ 'ಮಾರ್ಕೆಟ್ ಡೆಪ್ತ್' ಎಂಬ ಪುಟ್ಟ ಪಟ್ಟಿ ಸಿಗುತ್ತದೆ. ಎಡಗಡೆ ಕೊಳ್ಳಲು ನಿಂತವರು, ಬಲಗಡೆ ಮಾರಲು ನಿಂತವರು. ಎರಡೂ ಕಡೆ ಮುಂಚೂಣಿಯ ಐದೈದು ಬೆಲೆ. ಭಾವನ ಚಿತ್ರದಲ್ಲಿ ಇದ್ದದ್ದು ಇದು:

| ಕೊಳ್ಳುವವರ ಷೇರು | ಅವರು ಕೊಡುವ ಬೆಲೆ | ಮಾರುವವರು ಕೇಳುವ ಬೆಲೆ | ಮಾರುವವರ ಷೇರು |
|---|---|---|---|
| 60 | 141.20 | 142.80 | 40 |
| 150 | 141.00 | 143.00 | 35 |
| 85 | 140.50 | 144.50 | 60 |
| 400 | 140.00 | 146.00 | 25 |
| 210 | 139.75 | 147.00 | 300 |

ಎಡಗಡೆಯ ಮೊದಲ ಸಾಲು ಬಿಡ್. ಕೊಳ್ಳಲು ನಿಂತವರಲ್ಲಿ ಎಲ್ಲರಿಗಿಂತ ಹೆಚ್ಚು ಕೊಡುತ್ತೇನೆ ಎಂದವನ ಬೆಲೆ: 141.20. ಬಲಗಡೆಯ ಮೊದಲ ಸಾಲು ಆಸ್ಕ್. ಕೆಲವು ಆ್ಯಪಿನಲ್ಲಿ ಆಫರ್ ಎಂದೂ ಇರುತ್ತದೆ. ಮಾರಲು ನಿಂತವರಲ್ಲಿ ಎಲ್ಲರಿಗಿಂತ ಕಡಿಮೆಗೆ ಕೊಡುತ್ತೇನೆ ಎಂದವನ ಬೆಲೆ: 142.80. ಇವೆರಡರ ನಡುವಿನ 1 ರೂಪಾಯಿ 60 ಪೈಸೆಯೇ ಸ್ಪ್ರೆಡ್. ಭಾವನಿಗೆ ಕಂಡ 142 ಈ ಪಟ್ಟಿಯಲ್ಲಿ ಎಲ್ಲೂ ಇಲ್ಲ ಎಂಬುದನ್ನು ಗಮನಿಸಿ. ಆ ಬೆಲೆಗೆ ಕೊಡುವವನೂ ಇಲ್ಲ, ಕೊಳ್ಳುವವನೂ ಇಲ್ಲ.

ಇಲ್ಲಿ ಅಡಿಕೆ ಟೆಂಡರಿನ ಹೋಲಿಕೆ ಸ್ವಲ್ಪ ಕೈಕೊಡುತ್ತದೆ. ಟೆಂಡರಿನಲ್ಲಿ ದರ ಬರೆಯುವವರು ವ್ಯಾಪಾರಿಗಳು ಮಾತ್ರ. ರೈತ ಆಗಲಿ ಎನ್ನಬಹುದು, ಬೇಡ ಎನ್ನಬಹುದು, ಅಷ್ಟೇ. ಷೇರು ಪೇಟೆಯಲ್ಲಿ ಎರಡೂ ಕಡೆಯವರು ಚೀಟಿ ಬರೆಯುತ್ತಾರೆ, ದಿನವಿಡೀ ಬರೆಯುತ್ತಲೇ ಇರುತ್ತಾರೆ. ಎರಡೂ ಕಡೆಯ ಬೆಲೆ ಹೊಂದಿದ ಕೂಡಲೇ ವ್ಯಾಪಾರ ಮುಗಿದು ಆ ಚೀಟಿಗಳು ಪಟ್ಟಿಯಿಂದ ಮಾಯ. ಆದ್ದರಿಂದ ಪಟ್ಟಿಯಲ್ಲಿ ಉಳಿದಿರುವವರೆಲ್ಲ ಇನ್ನೂ ಹೊಂದದೆ ನಿಂತವರು. ಹೊಂದಿಲ್ಲವಾದ್ದರಿಂದಲೇ ನಡುವೆ ಸಂದು ಇರುತ್ತದೆ. ಕಾರವಾರದ ಮೀನು ಪೇಟೆಯಲ್ಲಿ ಮೀನುಗಾರ್ತಿ ಬಂಗಡೆಯ ಪಾಲಿಗೆ 200 ಅಂದಳು, ನೀವು 150 ಅಂದಿರಿ; ಇಬ್ಬರೂ ಇನ್ನೂ ಜಗ್ಗಿಲ್ಲ. ಹಾಗೆ ಜಗ್ಗದೆ ನಿಂತ ಗಳಿಗೆಯ ಚಿತ್ರ ಈ ಪಟ್ಟಿ.

ಈಗ ಮಾರ್ಕೆಟ್ ಆರ್ಡರ್. ಅದಕ್ಕೆ ಬೆಲೆಯೇ ಇಲ್ಲ. "ನನಗೆ 200 ಷೇರು ಬೇಕು, ಯಾರು ಎಷ್ಟಕ್ಕೆ ಕೊಟ್ಟರೂ ಸರಿ, ಈಗಲೇ ಬೇಕು" ಎನ್ನುವ ಚೀಟಿ ಅದು. ಷೇರು ವಿನಿಮಯ ಕೇಂದ್ರದ ಯಂತ್ರ ಅದನ್ನು ಅಕ್ಷರಶಃ ಪಾಲಿಸುತ್ತದೆ. ಬಲಗಡೆಯ ಸಾಲನ್ನು ಮೇಲಿನಿಂದ ಒಂದೊಂದಾಗಿ ತಿನ್ನುತ್ತ ಹೋಗುತ್ತದೆ. ಭಾವನಿಗೆ ಮೊದಲ 40 ಷೇರು 142.80ಕ್ಕೆ ಸಿಕ್ಕವು. ಅಲ್ಲಿಗೆ ಆ ಬೆಲೆಯವನ ಸರಕು ಖಾಲಿ. ಮುಂದಿನ 35 ಷೇರು 143ಕ್ಕೆ, ಆಮೇಲಿನ 60 ಷೇರು 144.50ಕ್ಕೆ, 25 ಷೇರು 146ಕ್ಕೆ ಬಂದವು. ಇನ್ನೂ 40 ಬೇಕು, ಅವು 147ಕ್ಕೆ. ಒಟ್ಟು 28,917 ರೂಪಾಯಿ, ಅಂದರೆ ಷೇರಿಗೆ ಸರಾಸರಿ 144.59. ಮನಸ್ಸಿನಲ್ಲಿದ್ದ ಲೆಕ್ಕ 142ರಂತೆ 28,400. ಒಂದು ಬೆರಳೊತ್ತಿಗೆ 517 ರೂಪಾಯಿ ಹೆಚ್ಚು ಹೋಯಿತು.

ಹಾಗಾದರೆ ಆ ಹಸಿರು ಲಾಭ ಎಲ್ಲಿಂದ ಬಂತು? ಕೊನೆಯ 40 ಷೇರಿನ ವ್ಯವಹಾರ ನಡೆದದ್ದು 147ಕ್ಕೆ. ಹಾಗಾಗಿ ಎಲ್‌ಟಿಪಿ 147 ಆಯಿತು. ಆ್ಯಪ್ ಸುಮ್ಮನೆ 200ನ್ನು 147ರಿಂದ ಗುಣಿಸಿ, 29,400 ಎಂದು ಲೆಕ್ಕ ಹಾಕಿ, 28,917 ಕಳೆದು, ನಿಮಗೆ 483 ಲಾಭ ಎಂದಿತು. ಬೆಲೆ ಏರಿಸಿದವನೂ ಭಾವನೇ, ಏರಿದ ಬೆಲೆ ನೋಡಿ ಹಿಗ್ಗಿದವನೂ ಭಾವನೇ. ಆತ ಕಷಾಯ ಕುಡಿಯುತ್ತಿದ್ದಾಗ ಇನ್ನಾರೋ ಹತ್ತೇ ಹತ್ತು ಷೇರು ಮಾರಿದರು. ಎಡಗಡೆಯ ಮೊದಲ ಸಾಲಿನವನು ಅದನ್ನು 141.20ಕ್ಕೆ ತೆಗೆದುಕೊಂಡ. ಎಲ್‌ಟಿಪಿ 141.20ಕ್ಕೆ ಬಿತ್ತು. ಆ್ಯಪ್ ಮತ್ತೆ ಗುಣಿಸಿತು: 28,240. ಕೊಟ್ಟದ್ದು 28,917. ನಷ್ಟ 677. ಅಷ್ಟೇ ಕಥೆ.

ಗಾಬರಿಯಿಂದ ಆಗಲೇ ಎಲ್ಲವನ್ನೂ ಮಾರ್ಕೆಟ್ ಆರ್ಡರ್ ಹಾಕಿ ಮಾರಿಬಿಟ್ಟಿದ್ದರೆ? ಎಡಗಡೆ 141.20ಕ್ಕೆ ಉಳಿದಿದ್ದದ್ದು 50, ಅದರ ಕೆಳಗೆ 141ಕ್ಕೆ 150. ಕೈಗೆ ಬರುತ್ತಿದ್ದದ್ದು 28,210. ಎಂದರೆ ಹತ್ತೇ ನಿಮಿಷದಲ್ಲಿ 707 ರೂಪಾಯಿ ಹೋಗುತ್ತಿತ್ತು, ಕಂಪನಿಯ ಬಗ್ಗೆ ಒಂದೇ ಒಂದು ಸುದ್ದಿ ಬರದೆಯೂ. ಖಾತೆ ತೆರೆಯುವಾಗ ಭಾವ ನನ್ನ ಬಳಿ ನಾಲ್ಕು ಸಲ ಕೇಳಿದ್ದು ಬ್ರೋಕರೇಜ್ ಎಷ್ಟು, ತೆರಿಗೆ ಎಷ್ಟು ಎಂದು. ಷೇರು ಕೊಂಡು ಇಟ್ಟುಕೊಳ್ಳುವವರಿಗೆ ಸೆಕ್ಯುರಿಟೀಸ್ ವಹಿವಾಟು ತೆರಿಗೆ ಕೊಳ್ಳುವಾಗ ಶೇ. 0.1, ಮಾರುವಾಗ ಮತ್ತೆ ಅಷ್ಟೇ. ಇಷ್ಟು ಮೊತ್ತಕ್ಕೆ ಒಂದು ಸಲಕ್ಕೆ ಸುಮಾರು 29 ರೂಪಾಯಿ. ಆ 29 ರೂಪಾಯಿ ಲೆಕ್ಕದ ಚೀಟಿಯಲ್ಲಿ ಬರುತ್ತದೆ, ಆದ್ದರಿಂದ ಕಣ್ಣಿಗೆ ಬೀಳುತ್ತದೆ. ಸ್ಪ್ರೆಡ್ಡಿನಲ್ಲಿ ಹೋದದ್ದು ಯಾವ ಚೀಟಿಯಲ್ಲೂ ಬರುವುದಿಲ್ಲ.

ಲಿಮಿಟ್ ಆರ್ಡರಿನಲ್ಲಿ ನೀವು ಬೆಲೆ ಬರೆಯುತ್ತೀರಿ. "200 ಷೇರು ಬೇಕು, ಆದರೆ 143ಕ್ಕಿಂತ ಒಂದು ಪೈಸೆಯೂ ಹೆಚ್ಚು ಕೊಡುವುದಿಲ್ಲ." ಭಾವ ಹೀಗೆ ಬರೆದಿದ್ದರೆ ಏನಾಗುತ್ತಿತ್ತು ಎಂದು ಅದೇ ಪಟ್ಟಿಯಲ್ಲಿ ನೋಡೋಣ. 142.80ರ 40 ಷೇರು ಬರುತ್ತವೆ, 143ರ 35 ಷೇರು ಬರುತ್ತವೆ. ಅಲ್ಲಿಗೆ ನಿಲ್ಲುತ್ತದೆ. 75 ಷೇರು ಕೈಗೆ, 10,717 ರೂಪಾಯಿ ಖರ್ಚು. ಉಳಿದ 125 ಷೇರಿನ ಬೇಡಿಕೆ ಈಗ ಎಡಗಡೆಯ ಸಾಲಿಗೆ ಹೋಗಿ ನಿಲ್ಲುತ್ತದೆ. ಅದೂ ಎಲ್ಲರಿಗಿಂತ ಮೇಲೆ, ಏಕೆಂದರೆ ಅಲ್ಲಿಯವರೆಗೆ ಹೆಚ್ಚು ಕೊಡುತ್ತೇನೆ ಎಂದಿದ್ದವನು 141.20 ಎಂದಿದ್ದ. ಇನ್ನು ಮಾರಬೇಕೆಂದು ಬರುವ ಯಾರಿಗೇ ಆದರೂ ಮೊದಲು ಕಾಣುವವನು ಭಾವ. ಮಧ್ಯಾಹ್ನದೊಳಗೆ ಆ 125 ಕೂಡ 143ಕ್ಕೆ ಸಿಕ್ಕರೆ ಒಟ್ಟು 28,592 ಆಗುತ್ತಿತ್ತು, 325 ರೂಪಾಯಿ ಉಳಿತಾಯ.

ಇಲ್ಲೊಂದು ತಪ್ಪು ತಿಳಿವಳಿಕೆ ಬಹಳ ಜನರಿಗೆ ಇದೆ, ನನಗೂ ಮೊದಲು ಇತ್ತು. 143 ಎಂದು ಬರೆದರೆ ಎಲ್ಲವೂ 143ಕ್ಕೇ ಬೀಳುತ್ತದೆ ಎಂದು ತಿಳಿಯುವುದು. ಹಾಗಲ್ಲ. 143 ಎನ್ನುವುದು ಮೇಲಿನ ಗೆರೆ ಮಾತ್ರ. ಸಾಲಿನಲ್ಲಿ ಅದಕ್ಕಿಂತ ಕಡಿಮೆಗೆ ಕೊಡುವವನಿದ್ದರೆ ಅವನ ಬೆಲೆಗೇ ಸಿಗುತ್ತದೆ. ಮೊದಲ 40 ಷೇರು 142.80ಕ್ಕೆ ಬಂದದ್ದು ಹಾಗೆ. ಮಾರುವಾಗ ಇದರ ತಿರುಗುಮುರುಗು: ನೀವು ಬರೆದದ್ದು ಕೆಳಗಿನ ಗೆರೆ, ಹೆಚ್ಚು ಕೊಡುವವನಿದ್ದರೆ ಹೆಚ್ಚೇ ಸಿಗುತ್ತದೆ.

ಹಾಗೆಂದು ಲಿಮಿಟ್ ಆರ್ಡರ್ ಪುಕ್ಕಟೆಯಲ್ಲ. ಅದರ ಬೆಲೆ ಬೇರೆ ರೂಪದಲ್ಲಿರುತ್ತದೆ. ಒಂದು, ಸಿಗದೇ ಹೋಗಬಹುದು. ಸಾಧಾರಣವಾಗಿ ಹಾಕುವ ಆರ್ಡರಿನ ಆಯುಷ್ಯ ಒಂದೇ ದಿನ. ಸಂಜೆ ವಹಿವಾಟು ಮುಗಿದಾಗ ಉಳಿದದ್ದೆಲ್ಲ ರದ್ದು. ಭಾವ 200 ಬಯಸಿ 75 ಹಿಡಿದುಕೊಂಡು ಕೂತಿರಬಹುದು, ಬೆಲೆ ಅವನನ್ನು ಬಿಟ್ಟು 150ರತ್ತ ಹೋಗಿರಬಹುದು. ಎರಡನೆಯದು ಸ್ವಲ್ಪ ಸೂಕ್ಷ್ಮ, ಯಾರೂ ಹೇಳುವುದಿಲ್ಲ. ಪಟ್ಟಿಯಲ್ಲಿ ನಿಂತ ಚೀಟಿ ಎಲ್ಲರಿಗೂ ಕಾಣುವ ಚೀಟಿ. ಮಧ್ಯಾಹ್ನ ಕಂಪನಿಯ ಬಗ್ಗೆ ಕೆಟ್ಟ ಸುದ್ದಿ ಬಂತು ಎನ್ನಿ. ಸುದ್ದಿ ಮೊದಲು ತಿಳಿದವನು ಮಾರಲು ಓಡಿ ಬರುತ್ತಾನೆ. ಅವನ ಸರಕು ಬೀಳುವುದು ಸಾಲಿನ ತುದಿಯಲ್ಲಿ 143 ಎಂದು ಬರೆದಿಟ್ಟು ತೋಟಕ್ಕೆ ಹೋದ ಭಾವನ ಮಡಿಲಿಗೆ. ಅಂದರೆ ಬೆಲೆ ಏರುವ ದಿನ ಲಿಮಿಟ್ ಆರ್ಡರಿಗೆ ಷೇರು ಸಿಗದೇ ಇರುವ ಸಂಭವ ಹೆಚ್ಚು, ಬೀಳುವ ದಿನ ಪೂರ್ತಿ ಸಿಗುವ ಸಂಭವ ಹೆಚ್ಚು.

ಸ್ಪ್ರೆಡ್ ಯಾಕೆ ಇರುತ್ತದೆ ಎನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಎರಡೂ ಕಡೆ ಬೆಲೆ ಬರೆದಿಟ್ಟು ಕಾಯುವ ವೃತ್ತಿಯವರು ಇರುತ್ತಾರೆ. 141.20ಕ್ಕೆ ಕೊಂಡು 142.80ಕ್ಕೆ ಮಾರಿದರೆ ಅವರಿಗೆ ಷೇರಿಗೆ 1.60 ಉಳಿಯಿತು. ಆದರೆ ಕೊಂಡದ್ದನ್ನು ಮಾರಲಿಕ್ಕೆ ಎಷ್ಟು ಹೊತ್ತು ಕಾಯಬೇಕೋ, ಅಷ್ಟರೊಳಗೆ ಬೆಲೆ ಎತ್ತ ಹೋಗುತ್ತದೋ ಅವರಿಗೂ ಗೊತ್ತಿಲ್ಲ. ಆ ಅಪಾಯದ ಕೂಲಿ ಸ್ಪ್ರೆಡ್. ಮನೆಬಾಗಿಲಿಗೆ ಬಂದು ಅಡಿಕೆ ಕೊಳ್ಳುವವನು ಪೇಟೆಯ ಧಾರಣೆಗಿಂತ ಕಡಿಮೆ ಕೊಡುವುದೂ ಇದೇ ಲೆಕ್ಕದಲ್ಲಿ. ನಾಳೆ ದರ ಇಳಿದರೆ ನಷ್ಟ ಅವನದ್ದು. ಷೇರು ದಿನಕ್ಕೆ ಲಕ್ಷಗಟ್ಟಲೆ ಕೈ ಬದಲಾಯಿಸುವಂಥದ್ದಾದರೆ ಕಾಯುವ ಹೊತ್ತು ಕಡಿಮೆ, ಪೈಪೋಟಿ ಹೆಚ್ಚು, ಸಂದು ಕಿರಿದು. ಹೆಸರಾಂತ ದೊಡ್ಡ ಬ್ಯಾಂಕಿನ ಷೇರಿನ ಪಟ್ಟಿ ತೆರೆದು ನೋಡಿ. ಬಿಡ್‌ಗೂ ಆಸ್ಕ್‌ಗೂ ನಡುವೆ ಪೈಸೆಗಳ ಅಂತರ, ಒಂದೊಂದು ಸಾಲಿನಲ್ಲೂ ನೂರಾರು, ಸಾವಿರಾರು ಷೇರು. ಅಲ್ಲಿ 200 ಷೇರಿನ ಮಾರ್ಕೆಟ್ ಆರ್ಡರ್ ಮೊದಲ ಸಾಲಿನಲ್ಲೇ ಕರಗಿಹೋಗುತ್ತದೆ. ಮಾರ್ಕೆಟ್ ಹಾಕಿದರೂ ಲಿಮಿಟ್ ಹಾಕಿದರೂ ಚಹಾದ ದುಡ್ಡಿನಷ್ಟೂ ವ್ಯತ್ಯಾಸವಾಗಲಿಕ್ಕಿಲ್ಲ.

ಹಾಗಾಗಿ ನೋಡಬೇಕಾದದ್ದು ಎರಡೇ. ಮೊದಲು, ಸ್ಪ್ರೆಡ್ ಬೆಲೆಯ ಶೇಕಡಾ ಎಷ್ಟು. ಭಾವನ ಷೇರಿನಲ್ಲಿ 142ಕ್ಕೆ 1.60, ಅಂದರೆ ಶೇ. 1.1ಕ್ಕಿಂತ ಸ್ವಲ್ಪ ಹೆಚ್ಚು. ಕೊಂಡು ಮಾರುವಷ್ಟರಲ್ಲಿ ಅಷ್ಟು ಹೋಗಿಯೇ ಹೋಗುತ್ತದೆ. ನನ್ನ ಮಟ್ಟಿಗೆ ಅದು ಎಚ್ಚರಿಕೆಯ ಗಂಟೆ. ಎರಡನೆಯದು, ನನಗೆ ಬೇಕಾದಷ್ಟು ಷೇರು ಮೊದಲ ಸಾಲಿನಲ್ಲಿದೆಯೇ. ಭಾವನಿಗೆ 200 ಬೇಕಿತ್ತು, ಮೊದಲ ಸಾಲಿನಲ್ಲಿದ್ದದ್ದು 40. ಸ್ಪ್ರೆಡ್ ಒಂದನ್ನೇ ನೋಡಿದ್ದರೂ ಅವನ ಪೆಟ್ಟಿನ ಪೂರ್ತಿ ಅಂದಾಜು ಸಿಗುತ್ತಿರಲಿಲ್ಲ, ಏಕೆಂದರೆ ಹೆಚ್ಚಿನ ದುಡ್ಡು ಹೋದದ್ದು ಕೆಳಗಿನ ಸಾಲುಗಳಲ್ಲಿ.

ನನ್ನ ಅಭ್ಯಾಸ ಹೇಳುತ್ತೇನೆ. ನಾನು ಯಾವ ಷೇರಿಗೂ ಮಾರ್ಕೆಟ್ ಆರ್ಡರ್ ಹಾಕುವುದಿಲ್ಲ. ಈಗಲೇ ಬೇಕು ಎಂದಿದ್ದರೆ ಬಲಗಡೆಯ ಮೊದಲ ಸಾಲಿನ ಬೆಲೆಯನ್ನೇ, ಅಥವಾ ಅದಕ್ಕಿಂತ ಒಂದು ಎಳೆ ಮೇಲಿನದನ್ನು, ಲಿಮಿಟ್ ಎಂದು ಬರೆಯುತ್ತೇನೆ. ಆ ಬೆಲೆಗೆ ಇರುವಷ್ಟು ತಕ್ಷಣ ಸಿಗುತ್ತದೆ, ಸಾಲು ಖಾಲಿಯಾದರೆ ಆರ್ಡರ್ ಅಲ್ಲೇ ನಿಲ್ಲುತ್ತದೆ. ಅವಸರವಿಲ್ಲದಿದ್ದರೆ ಸಂದಿನೊಳಗೆ ಬೆಲೆ ಇಡುತ್ತೇನೆ. 141.20ಕ್ಕೇ ಇಟ್ಟರೆ ಅಲ್ಲಿ ಆಗಲೇ ನಿಂತ 60 ಷೇರಿನವರ ಹಿಂದೆ ನಿಲ್ಲಬೇಕು. ಯಂತ್ರ ನೋಡುವುದು ಮೊದಲು ಬೆಲೆ, ಬೆಲೆ ಒಂದೇ ಆದರೆ ಯಾರು ಮೊದಲು ಬಂದರು ಎಂಬುದು. ಹತ್ತು ಪೈಸೆ ಹೆಚ್ಚಿಗೆ ಬರೆದರೆ ಸಾಲಿನ ಮುಂದೆ. ಬರೆಯುವಾಗ ಅಂಕಿಯನ್ನು ಎರಡು ಸಲ ಓದುತ್ತೇನೆ. 143 ಬರೆಯಲು ಹೋಗಿ 148 ಎಂದು ಒತ್ತಿದರೆ, ಹೆಸರಿಗೆ ಲಿಮಿಟ್ ಆದರೂ ಭಾವನ ಮಾರ್ಕೆಟ್ ಆರ್ಡರಿನಂತೆಯೇ 147ರ ತನಕ ಸಾಲನ್ನು ನುಂಗುತ್ತದೆ.

ನಮ್ಮ ಕಡೆಯವರಿಗೆ ಇನ್ನೆರಡು ಮಾತು ಬೇರೆಯಾಗಿ ಹೇಳಬೇಕು. ಹಗಲು ತೋಟದ ಕೆಲಸ, ಆದ್ದರಿಂದ ರಾತ್ರಿ ಊಟ ಮುಗಿಸಿ ಆರ್ಡರ್ ಹಾಕಿಟ್ಟು ಮಲಗುವವರು ಬಹಳ. ಅದು ಪೇಟೆಗೆ ಹೋಗುವುದು ಮರುದಿನ ಬೆಳಿಗ್ಗೆ. 9 ಗಂಟೆಯಿಂದ 9.15ರ ಒಳಗೆ ಪೇಟೆ ತೆರೆಯುವ ಮೊದಲಿನ ಸುತ್ತು ನಡೆಯುತ್ತದೆ. ಎರಡೂ ಕಡೆಯ ಚೀಟಿ ಒಟ್ಟು ಮಾಡಿ, ಅತಿ ಹೆಚ್ಚು ಷೇರು ಕೈ ಬದಲಾಯಿಸುವಂಥ ಒಂದೇ ಬೆಲೆ ತೆಗೆಯುತ್ತಾರೆ. ನಮ್ಮ ಟೆಂಡರಿನ ದೂರದ ನೆಂಟ ಎನ್ನಬಹುದು. ಅಲ್ಲಿ ಒಂದೊಂದು ಲಾಟಿಗೆ ಒಂದೊಂದು ದರ, ಇಲ್ಲಿ ಎಲ್ಲರಿಗೂ ಒಂದೇ. 9.15ಕ್ಕೆ ನಿತ್ಯದ ವಹಿವಾಟು ಶುರು. ಆ ಮೊದಲ ಕೆಲವು ನಿಮಿಷ ಸಣ್ಣ ಷೇರುಗಳ ಪಟ್ಟಿ ತೆಳ್ಳಗಿರುತ್ತದೆ, ಸಂದು ಅಗಲ. ರಾತ್ರಿ 142 ನೋಡಿ ಹಾಕಿದ ಮಾರ್ಕೆಟ್ ಆರ್ಡರ್ ಬೆಳಿಗ್ಗೆ ಎಷ್ಟಕ್ಕೆ ಬೀಳುತ್ತದೆ ಎಂದು ಹೇಳುವವರಿಲ್ಲ. ರಾತ್ರಿಯ ಆರ್ಡರಿಗಂತೂ ಬೆಲೆ ಬರೆಯಲೇಬೇಕು.

ಇನ್ನೊಂದು ನೆಟ್‌ವರ್ಕ್. ಘಟ್ಟದ ಮೂಲೆಯ ಮನೆಗಳಲ್ಲಿ ಒಂದು ಗೀಟು ಸಿಗ್ನಲ್ ಇರುತ್ತದೆ, ಮಳೆ ಬಂದರೆ ಅದೂ ಇಲ್ಲ. ಬಟನ್ ಒತ್ತಿದಿರಿ, ಚಕ್ರ ತಿರುಗುತ್ತಲೇ ಇದೆ. ಹೋಗಲಿಲ್ಲ ಎಂದು ಮತ್ತೊಮ್ಮೆ ಒತ್ತಿದಿರಿ. ಎರಡೂ ಹೋಗಿರುತ್ತವೆ. ನನಗೇ ಒಮ್ಮೆ ಹೀಗಾಗಿ 50ರ ಬದಲು 100 ಷೇರು ಬಂದಿತ್ತು. ಎರಡನೆಯ 50, ಮೊದಲನೆಯದಕ್ಕಿಂತ ಮೇಲಿನ ಬೆಲೆಗೆ. ಚಕ್ರ ನಿಲ್ಲದಿದ್ದರೆ ಎರಡನೆಯ ಸಲ ಒತ್ತುವ ಮೊದಲು 'ಆರ್ಡರ್ಸ್' ಪುಟ ತೆರೆದು ನೋಡಬೇಕು. ಲಿಮಿಟ್ ಆರ್ಡರ್ ಒಮ್ಮೆ ಪೇಟೆ ತಲುಪಿದರೆ ಆಮೇಲೆ ಫೋನ್ ಸತ್ತರೂ ಚಿಂತೆಯಿಲ್ಲ. ಅದು ನಿಂತಿರುವುದು ವಿನಿಮಯ ಕೇಂದ್ರದ ಪಟ್ಟಿಯಲ್ಲಿ, ನಿಮ್ಮ ಫೋನಿನಲ್ಲಲ್ಲ. ರದ್ದು ಮಾಡಬೇಕೆಂದರೆ ಮಾತ್ರ ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಬೇಕು.

ಮಾರ್ಕೆಟ್ ಆರ್ಡರ್ ಬೇಕಾಗುವುದೇ ಇಲ್ಲವೇ ಎಂದರೆ, ಇದೆ. ಷೇರು ದಪ್ಪ ಪಟ್ಟಿಯದ್ದಾಗಿ, ಹೇಗಾದರೂ ಮಾಡಿ ಹೊರಬರಲೇಬೇಕು ಎನ್ನುವಾಗ ಅದು ಕೆಲಸ ಮಾಡುತ್ತದೆ. ಆದರೆ ಷೇರು ಆ ದಿನದ ಕೆಳಗಿನ ಸರ್ಕ್ಯೂಟಿಗೆ, ಅಂದರೆ ಆ ದಿನ ಬೆಲೆ ಇಳಿಯಬಹುದಾದ ಕೊನೆಯ ಮಿತಿಗೆ, ಬಡಿದು ಎಡಗಡೆ ಕೊಳ್ಳುವವರೇ ಇಲ್ಲದಿದ್ದರೆ ಮಾರ್ಕೆಟ್ ಎಂದು ಬರೆದರೂ ಮಾರಾಟವಾಗುವುದಿಲ್ಲ. ಇಲ್ಲದ ಗಿರಾಕಿಯನ್ನು ಯಾವ ಆರ್ಡರೂ ಹುಟ್ಟಿಸುವುದಿಲ್ಲ.

ಭಾವ ಆ 200 ಷೇರನ್ನು ಮಾರಲಿಲ್ಲ. ನಾಲ್ಕು ದಿನ ಬಿಟ್ಟು ಮತ್ತೆ ಫೋನ್ ಬಂತು, ಈ ಸಲ ಸಂಜೆ.

"ಭಾವಾ, ಇನ್ನೊಂದು ನೂರು ಬೇಕು ಹೇಳಿ 141.50ಕ್ಕೆ ಲಿಮಿಟ್ ಹಾಕಿದ್ದೆ. ಬಂದೇ ಇಲ್ಲೆ!"

ಅಂದು ಅದರ ಬೆಲೆ ಎಷ್ಟಕ್ಕೆ ಇಳಿದಿತ್ತು ಎಂದು ಕೇಳಿದೆ. 141.60ರ ತನಕ ಬಂದು ತಿರುಗಿತ್ತಂತೆ. ಹತ್ತು ಪೈಸೆಗೆ ತಪ್ಪಿತು ಎಂದು ಅವನಿಗೆ ಸಂಕಟ. ನೂರು ಷೇರಿಗೆ ಅದು ಹತ್ತು ರೂಪಾಯಿ. ನಿಜವಾಗಿಯೂ ಬೇಕಿದ್ದರೆ ಹತ್ತು ರೂಪಾಯಿ ಹೆಚ್ಚು ಕೊಡಬಹುದಿತ್ತಲ್ಲ ಎಂದೆ. ಆ ಕಡೆ ಸ್ವಲ್ಪ ಹೊತ್ತು ಸುಮ್ಮನಾಯಿತು. ಆಮೇಲೆ, ನಾಳೆ ಬಲಗಡೆಯ ಮೊದಲ ಸಾಲು ನೋಡಿಯೇ ಬರೆಯುತ್ತೇನೆ ಎಂದು ಫೋನಿಟ್ಟ.